ಭಾನುವಾರದ ಪರೀಕ್ಷೆಗೆ ಸೋಮವಾರದ ರಜೆ: ಒಂದು ರಜಾ ಪತ್ರದ ಪ್ರಕರಣ

ನಾನು ರಾಯಚೂರು ಜಿಲ್ಲೆ ಲಿಂಗಸೂಗೂರು ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ರಜಾ ಪತ್ರಗಳು ಮೊದಲು ನನ್ನ ಮೇಜಿಗೆ ಬರುತ್ತವೆ, ಆಮೇಲೆ ದೊಡ್ಡ ಸರ್ ಹತ್ತಿರ ಹೋಗುತ್ತವೆ. ಜ್ವರ, ಜಾತ್ರೆ, ಅಜ್ಜಿಗೆ ಹುಷಾರಿಲ್ಲ, ಹೊಸ ಮನೆ ಪೂಜೆ. ವರ್ಷಕ್ಕೆ ನೂರಾರು ಬರುತ್ತವೆ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ. ಇಲ್ಲಿ ಹೇಳುತ್ತಿರುವ ಪತ್ರ ಮಾತ್ರ ಎರಡು ಸಲ ಬರೆಸಿಕೊಂಡಿತು. ಮೊದಲ ಸಲ ಅದರಲ್ಲಿ ಸುಳ್ಳಿತ್ತು, ಲೆಕ್ಕವೂ ತಪ್ಪಿತ್ತು.

2024ರ ಜನವರಿ 19, ಶುಕ್ರವಾರ. ಹಾಜರಿ ಕರೆದು ಮುಗಿಸಿದ್ದೆ. ಒಬ್ಬಳು ಹುಡುಗಿ ಎದ್ದು ಬಂದು ನಾಲ್ಕು ಮಡಿಕೆ ಮಾಡಿದ ಹಾಳೆ ಕೊಟ್ಟಳು. ನೋಟ್‌ಬುಕ್ಕಿನ ನಡುವಿನಿಂದ ಕಿತ್ತ ಜೋಡಿ ಹಾಳೆ, ಪಿನ್ನಿನ ತೂತು ಹಾಗೇ ಇತ್ತು. ತಾಯಿಯ ಕೈಬರಹ, ಗುಂಡಗೆ, ಓದಲು ಚೆನ್ನಾಗಿತ್ತು:

"ಸಂಬಂಧಿಕರ ಮದುವೆ ಇರುವ ಕಾರಣ ನನ್ನ ಮಗಳಿಗೆ ದಿನಾಂಕ 26ರಿಂದ 29ರವರೆಗೆ ರಜೆ ನೀಡಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ."

ಸಂಕ್ರಾಂತಿ ಕಳೆದಿತ್ತು. ಮದುವೆ ಇರುವುದು ಸಹಜವೇ. ನಾನು ಸುಮ್ನೆ ಕೇಳಿದೆ:

"ಮದಿವಿ ಯಾರ್ದವ್ವ?"

"ಮದಿವಿ ಇಲ್ರಿ ಟೀಚರ್. ನಾ ಬಿಜಾಪುರಕ್ಕ ಸೈನಿಕ ಸಾಲಿ ಪರೀಕ್ಷಾ ಬರಿಲಿಕ್ಕ ಹೊಂಟೀನಿ."

ಹಿಂದಿನ ಬೆಂಚಿನವರು ನಕ್ಕರು. ಅವರಿಗೆಲ್ಲ ಒಂದು ತಿಂಗಳಿಂದ ಗೊತ್ತಿತ್ತು. ಮಕ್ಕಳ ಕೈಯಲ್ಲಿ ಸುಳ್ಳು ಪತ್ರ ಕಳಿಸುವ ತಂದೆತಾಯಿ ಇದೊಂದನ್ನು ಮರೆಯುತ್ತಾರೆ. ಪತ್ರದಲ್ಲಿ ಏನಿದೆ ಅಂತ ಮಗುವಿಗೆ ಹೇಳಿರುವುದಿಲ್ಲ. ಹೇಳಿದ್ದರೂ ಹತ್ತು ವರ್ಷದ ಮಗು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಹುಡುಗಿ ಬರೆಯಬೇಕಿದ್ದದ್ದು ಅಖಿಲ ಭಾರತ ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆ, ಆರನೇ ತರಗತಿಗೆ. ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ನೀಟ್, ಜೆಇಇ ಮೇನ್ ನಡೆಸುವ ಎನ್‌ಟಿಎ. ನಮ್ಮ ಕಡೆಯವರಿಗೆ ಸೈನಿಕ ಶಾಲೆ ಅಂದರೆ 1963ರಲ್ಲಿ ಶುರುವಾದ ವಿಜಯಪುರದ ಶಾಲೆಯೇ. ಕೊಡಗಿನ ಕೂಡಿಗೆಯದು ಬಂದದ್ದು 2007ರಲ್ಲಿ, ಅದು ಇಲ್ಲಿಂದ ಬಹಳ ದೂರ. 2021–22ರಿಂದ ಆರನೇ ತರಗತಿಗೆ ಎಲ್ಲ ಸೈನಿಕ ಶಾಲೆಗಳೂ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿವೆ. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಾಗಾಗಿ ನಮ್ಮಂಥ ಊರುಗಳಿಂದಲೂ ಈಗ ವರ್ಷಕ್ಕೆ ಒಂದಿಬ್ಬರು ಹುಡುಗಿಯರು ಹೊರಡುತ್ತಾರೆ.

ಆ ವರ್ಷ ಪರೀಕ್ಷೆ ಇದ್ದದ್ದು ಜನವರಿ 28, ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕೂವರೆವರೆಗೆ. ಭಾನುವಾರದ ಪರೀಕ್ಷೆಗೆ ಶಾಲೆಯ ರಜೆ ಯಾಕೆ ಬೇಕು? ದೊಡ್ಡ ಸರ್ ಕೇಳಿದ ಮೊದಲ ಪ್ರಶ್ನೆಯೂ ಇದೇ. ತಪ್ಪು ಪ್ರಶ್ನೆ ಏನಲ್ಲ.

ಆ ಪತ್ರವನ್ನು ನಾನು ದೊಡ್ಡ ಸರ್‌ಗೆ ಕೊಡಲಿಲ್ಲ. ನನ್ನ ಪುಸ್ತಕದಲ್ಲೇ ಇಟ್ಟುಕೊಂಡು ತಾಯಿಗೆ ಫೋನ್ ಮಾಡಿದೆ. ಆದರೆ ಅಷ್ಟರಲ್ಲಿ ಗಣರಾಜ್ಯೋತ್ಸವದ ಡ್ಯಾನ್ಸ್ ಕಲಿಸುತ್ತಿದ್ದ ಮೇಡಂಗೆ ಹುಡುಗಿ 26ಕ್ಕೆ ಬರಲ್ಲ ಅಂತ ಗೊತ್ತಾಗಿತ್ತು. ಅವರು ಹೋಗಿ ದೊಡ್ಡ ಸರ್ ಹತ್ತಿರ ದೂರು ಹೇಳಿದ್ದರು. ಹದಿನಾರು ಮಕ್ಕಳ ಸಾಲಿನಲ್ಲಿ ಒಬ್ಬರು ಕಡಿಮೆಯಾದರೆ ಜೋಡಿ ಒಡೆಯುತ್ತದೆ, ನಿಜ. ದೊಡ್ಡ ಸರ್ ನನ್ನನ್ನು ಕರೆದು ಹೇಳಿದರು: "ನಾಕ್ ದಿನ ಕೊಡಾಂಗಿಲ್ಲ. ಪರೀಕ್ಷಾ ಐತಾರ ಐತಿ. ಶುಕ್ರಾರದಿಂದ ಯಾಕ ಬೇಕು?"

ಶನಿವಾರ ಶಾಲೆ ಬಿಟ್ಟ ಮೇಲೆ ತಾಯಿ ಬಂದರು. ಸೊಂಟದ ಮೇಲೆ ಮೂರು ವರ್ಷದ ಮಗ. ಗಂಡ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಇಲ್ಲಿ ಎಲ್ಲ ಇವರೇ ನೋಡಿಕೊಳ್ಳುವುದು. ಕೂತ ಕೂಡಲೇ ಅವರು ಕೇಳಿದ್ದು ರಜೆಯ ಮಾತಲ್ಲ.

"ಟೀಚರ್, ದೊಡ್ಡ ಸರ್‌ಗೆ ಹೇಳಿದ್ರೇನ್ರಿ, ಸೈನಿಕ ಸಾಲಿದು ಅಂತ?"

"ನಾ ಹೇಳಿಲ್ಲ. ನಿಮ್ ಮಗಳೇ ಎಲ್ಲಾರಿಗೂ ಹೇಳ್ಯಾಳ."

ಅವರು ತಲೆ ಮೇಲೆ ಕೈ ಇಟ್ಟುಕೊಂಡರು. "ಸಾಲಿ ಬಿಡಸ್ತೀವಿ ಅಂತ ಗೊತ್ತಾದ್ರ ಸಿಟ್ಟ ಮಾಡ್ಕೊಂತಾರ್ರಿ. ಸೀಟ್ ಸಿಗಲಿಲ್ಲಂದ್ರ ಮತ್ತ ಇಲ್ಲೇ ಓದಬೇಕಲ್ರಿ ಆಕಿ."

ಮದುವೆಯ ಸುಳ್ಳು ಹುಟ್ಟಿದ್ದು ಈ ಭಯದಿಂದ. ಇದು ಅವರೊಬ್ಬರ ಭಯವೂ ಅಲ್ಲ. ಬೇರೆ ಶಾಲೆಯ ಪ್ರವೇಶ ಪರೀಕ್ಷೆಗೆ ರಜೆ ಕೇಳುವುದು ಅಂದರೆ, ಈ ಶಾಲೆ ಬಿಡುವ ಯೋಚನೆ ಇದೆ ಅಂತ ಇದೇ ಶಾಲೆಗೆ ಬರೆದು ಕೊಟ್ಟ ಹಾಗೆ. ಖಾಸಗಿ ಶಾಲೆಯಲ್ಲಿ ಮುಂದಿನ ವರ್ಷದ ಫೀಸು, ಡಿಸ್ಕೌಂಟು, ಮಗುವಿನ ಜೊತೆ ನಡೆದುಕೊಳ್ಳುವ ರೀತಿ ಎಲ್ಲ ಅದರಿಂದ ಕೆಡಬಹುದು ಅಂತ ಪೋಷಕರಿಗೆ ಅನಿಸುತ್ತದೆ. ಕೆಲವು ಕಡೆ ಕೆಡುತ್ತದೆ ಕೂಡ. ಆದ್ದರಿಂದ ಜ್ವರ, ಮದುವೆ, ಅಜ್ಜನ ತಿಥಿ ಅಂತ ಬರೆಯುತ್ತಾರೆ.

ಅವರಿಗೆ ನಾನು ಒಂದೇ ಮಾತು ಹೇಳಿದೆ. ಪರೀಕ್ಷೆ ಬರೆಯುವುದು ಬೇರೆ, ಶಾಲೆ ಬಿಡುವುದು ಬೇರೆ. ಟಿಸಿ ಕೇಳುವ ಪತ್ರ ಬರೆಯುವ ದಿನ ಬಂದರೆ ಆ ದಿನ ಅದನ್ನು ಬರೆಯಿರಿ. ಈಗ ಬರೆಯುವ ಪತ್ರದಲ್ಲಿ ಪರೀಕ್ಷೆಯ ಹೆಸರು, ದಿನ, ಊರು ಇದ್ದರೆ ಸಾಕು. "ಸೀಟು ಸಿಕ್ಕರೆ ಹೋಗುತ್ತೇವೆ", "ಸಿಗದಿದ್ದರೆ ನಿಮ್ಮಲ್ಲೇ ಇರುತ್ತೇವೆ" ಅನ್ನುವ ಎರಡೂ ಸಾಲು ಬೇಡ. ಎರಡನೆಯದು ಸಮಾಧಾನದ ಮಾತಿನ ಹಾಗೆ ಕಾಣುತ್ತದೆ. ಆದರೆ ಓದುವವರಿಗೆ ಚುಚ್ಚುತ್ತದೆ.

ಸುಳ್ಳಿನ ಇನ್ನೊಂದು ತೊಂದರೆ ಆಮೇಲೆ ಗೊತ್ತಾಗುತ್ತದೆ. ಬರೆದು ಪಾಸಾದರೆ ಮುಂದೆ ಕೌನ್ಸೆಲಿಂಗ್ ಇದೆ, ವೈದ್ಯಕೀಯ ತಪಾಸಣೆ ಇದೆ. ತಪಾಸಣೆಗೆ ಮತ್ತೆ ಬೇರೆ ಊರಿಗೆ ಹೋಗಬೇಕು, ಮತ್ತೆ ರಜೆ ಕೇಳಬೇಕು. ಕೊನೆಗೆ ಟಿಸಿಗೂ ಇದೇ ದೊಡ್ಡ ಸರ್ ಮುಂದೆ ನಿಲ್ಲಬೇಕು. ಜನವರಿಯಲ್ಲಿ ಮದುವೆ ಅಂತ ಬರೆದು ಕೊಟ್ಟವರು ಆಗ ಯಾವ ಮುಖ ಇಟ್ಟುಕೊಂಡು ಬರುತ್ತಾರೆ?

ಆಮೇಲೆ ದಿನಗಳ ಲೆಕ್ಕಕ್ಕೆ ಕೂತೆವು. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ತಾಯಿ ನಾಲ್ಕು ದಿನ ಕೇಳಿದ್ದರು: ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ಭಾನುವಾರ ಹೇಗೂ ರಜೆ. ಅದನ್ನು ಪತ್ರದಲ್ಲಿ ಸೇರಿಸಿ "4 ದಿನ" ಅಂತ ಬರೆದರೆ ಓದುವವರಿಗೆ ಕೇಳಿದ್ದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಮೊದಲು ಅದನ್ನು ತೆಗೆದೆವು. ಶುಕ್ರವಾರ ಜನವರಿ 26. ಪಾಠ ಇಲ್ಲ, ಆದರೆ ಧ್ವಜಾರೋಹಣಕ್ಕೆ ಮಕ್ಕಳು ಬರಲೇಬೇಕು. ಈ ಹುಡುಗಿ ಡ್ಯಾನ್ಸ್‌ನಲ್ಲೂ ಇದ್ದಳು. ಆ ದಿನ ಊರಲ್ಲೇ ಇದ್ದು ಏನು ಮಾಡ್ತೀರಿ ಅಂತ ಕೇಳಿದೆ. "ಓದ್ಸೋದ್ರಿ" ಅಂದರು. ಬೆಳಿಗ್ಗೆ ಎರಡು ತಾಸು ಬಂದು ಹೋದರೆ ಓದು ಏನೂ ಕೆಡುವುದಿಲ್ಲ ಅಂದೆ. ಒಪ್ಪಿದರು. ಓದುವುದಕ್ಕೆ ರಜೆ ಕೇಳುವುದು, ಹೋಗಿ ಬರುವುದಕ್ಕೆ ರಜೆ ಕೇಳುವುದು ಬೇರೆ ಬೇರೆ. ಒಂದೇ ಪತ್ರದಲ್ಲಿ ಎರಡನ್ನೂ ಸೇರಿಸಿದರೆ ಎರಡನೆಯದಕ್ಕೂ ಪೆಟ್ಟು ಬೀಳುತ್ತದೆ.

ಇನ್ನು ಶನಿವಾರ. ಲಿಂಗಸೂಗೂರಿನಿಂದ ಮುದಗಲ್, ಹುನಗುಂದ ದಾಟಿ ವಿಜಯಪುರಕ್ಕೆ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆ ಹಿಡಿಯಿರಿ. ಪರೀಕ್ಷೆ ಎರಡಕ್ಕೆ, ಆದರೆ ಗೇಟ್ ಬಳಿ ಒಂದು ಗಂಟೆಗೇ ಇರಬೇಕು ಅಂತ ಇಟ್ಟುಕೊಂಡೆವು. ಭಾನುವಾರ ಬೆಳಿಗ್ಗೆ ಆರರ ಬಸ್ಸು ಹಿಡಿದರೆ ಹತ್ತಕ್ಕೆ ಅಲ್ಲಿರಬಹುದು. ಕಾಗದದ ಮೇಲೆ ಇದು ಸರಿ. ಆದರೆ ಈ ಹುಡುಗಿಗೆ ಬಸ್ಸಿನಲ್ಲಿ ವಾಂತಿ ಆಗುತ್ತದೆ. ಹೋದ ವರ್ಷದ ಶಾಲೆ ಪ್ರವಾಸದಲ್ಲಿ ನಾನೇ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದೆ. ವಾಂತಿ ಮಾಡಿಕೊಂಡು ಇಳಿದ ಮಗುವನ್ನು ಎರಡೂವರೆ ಗಂಟೆಯ ಪರೀಕ್ಷೆಗೆ ಕೂರಿಸಲು ಆಗುತ್ತದಾ? ಹಿಂದಿನ ದಿನವೇ ಹೋಗುವುದು ಸರಿ.

ಹಾಗಂತ ಶನಿವಾರ ರಜೆ ಬೇಕಾಗಲಿಲ್ಲ. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತೇವೆ. ಮನೆಗೆ ಹೋಗಿ ಎರಡು ತುತ್ತು ಉಂಡು ಒಂದು ಗಂಟೆಗೆ ಬಸ್ಸು ಹತ್ತಿದರೆ ಸಂಜೆ ಐದೂವರೆ ಒಳಗೆ ವಿಜಯಪುರ. ಅಲ್ಲಿ ತಾಯಿಯ ಅಕ್ಕನ ಮನೆ ಇದೆ. ಒಂದು ದಿನದ ರಜೆ ಹೀಗೆ ಉಳಿಯಿತು. ಮೂರು ಅಕ್ಷರ ಬರೆದರೆ ಆಗುವ ರಜೆಯನ್ನು ಯಾಕೆ ಉಳಿಸಬೇಕು ಅಂತ ನಿಮಗೆ ಅನ್ನಿಸಬಹುದು. ಆ ವರ್ಷ ಐದನೇ ತರಗತಿಗೆ ಬೋರ್ಡ್ ಮಟ್ಟದ ಪರೀಕ್ಷೆ ಇದೆ ಅಂತ ಸುತ್ತೋಲೆ ಬಂದು, ಎಲ್ಲ ಶಾಲೆಗಳೂ ಗಡಿಬಿಡಿಯಲ್ಲಿದ್ದವು. ಒಂದೊಂದು ದಿನಕ್ಕೂ ದೊಡ್ಡ ಸರ್ ಮುಖ ಬಿಗಿಯಾಗುತ್ತಿತ್ತು.

ಉಳಿದದ್ದು ಸೋಮವಾರ. ಪರೀಕ್ಷೆ ಮುಗಿಯುವುದು ನಾಲ್ಕೂವರೆಗೆ. ಸಾಲಾಗಿ ಮಕ್ಕಳನ್ನು ಬಿಟ್ಟು, ತಾಯಿ ಗುಂಪಿನಲ್ಲಿ ಮಗಳನ್ನು ಹುಡುಕಿ, ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಆರಾಗುತ್ತದೆ. ಊರು ಮುಟ್ಟುವುದು ರಾತ್ರಿ ಹತ್ತರ ಮೇಲೆ. ಒಬ್ಬ ಹೆಣ್ಣುಮಗಳು, ಜೊತೆಗೆ ಎರಡು ಮಕ್ಕಳು, ಒಂದು ನಿದ್ದೆಗಣ್ಣಿನಲ್ಲಿ, ಇನ್ನೊಂದು ವಾಂತಿಯಲ್ಲಿ. ರಾತ್ರಿ ಅಕ್ಕನ ಮನೆಯಲ್ಲೇ ಉಳಿದು ಸೋಮವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಊರು. ಸೋಮವಾರ ಶಾಲೆಗೆ ಬರಲಾಗುವುದಿಲ್ಲ. ಈ ಒಂದು ದಿನ ನಿಜವಾಗಿ ಬೇಕಿತ್ತು. ನಾಲ್ಕು ದಿನ ಕೇಳಿದ್ದಾಗ ಅದೂ ಮಿಕ್ಕ ಮೂರರ ಜೊತೆ ಅನುಮಾನಕ್ಕೆ ಬಿದ್ದಿತ್ತು.

ಆದರೆ ಆ ಸೋಮವಾರವೇ ನಮ್ಮ ಶಾಲೆಯಲ್ಲಿ ಗಣಿತದ ಎಫ್‌ಎ ಪರೀಕ್ಷೆ ಇಟ್ಟಿದ್ದರು, 20 ಅಂಕದ್ದು. ತಾಯಿಗೆ ಇದು ಗೊತ್ತಿರಲಿಲ್ಲ. ಮಗಳು ಡೈರಿ ತೋರಿಸಿರಲಿಲ್ಲ. ರಜೆ ಸಿಕ್ಕರೆ ಕೆಲಸ ಆಯಿತು ಅಂತ ಪೋಷಕರು ಅಂದುಕೊಳ್ಳುತ್ತಾರೆ. ರಜೆ ಮಂಜೂರಾದರೂ ಆ ದಿನದ ಪರೀಕ್ಷೆ ಯಾವಾಗ ಅಂತ ಬರೆದು ಕೇಳದಿದ್ದರೆ ಅಂಕದ ಜಾಗ ಖಾಲಿ ಉಳಿಯುತ್ತದೆ. ಆಮೇಲೆ ಮಾರ್ಚಿನಲ್ಲಿ ಅಂಕ ತುಂಬುವಾಗ ನಾವು ಮಗುವನ್ನು ಹುಡುಕುತ್ತೇವೆ. ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ರಜಾ ಪತ್ರ ಕೊಟ್ಟರೆ ಹಾಜರಿ ಸಿಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಮ್ಮ ಹಾಜರಿ ಪುಸ್ತಕದಲ್ಲಿ ಪತ್ರ ಇದ್ದರೆ "ರ", ಇಲ್ಲದಿದ್ದರೆ "ಗೈ". ತಿಂಗಳ ಕೊನೆಗೆ ಬಂದ ದಿನ ಎಣಿಸುವಾಗ ಎರಡೂ ಬಾರದ ದಿನವೇ. ಹೇಳಿ ಹೋದದ್ದೋ ಹೇಳದೆ ಹೋದದ್ದೋ ಅನ್ನುವುದಷ್ಟೇ ಪತ್ರದಿಂದ ಗೊತ್ತಾಗುತ್ತದೆ.

ಜನವರಿ 23, ಮಂಗಳವಾರ ಎರಡನೇ ಪತ್ರ ಬಂತು. ಈ ಸಲ ಗೆರೆ ಇಲ್ಲದ ಬಿಳಿ ಹಾಳೆ. ಪೂರ್ತಿ ಇಲ್ಲಿ ಕೊಡುತ್ತೇನೆ. ಹೆಸರುಗಳನ್ನು ಮಾತ್ರ ತೆಗೆದಿದ್ದೇನೆ.

ದಿನಾಂಕ: 23-01-2024

ಇವರಿಗೆ,
ಮುಖ್ಯೋಪಾಧ್ಯಾಯರು,
(ಶಾಲೆಯ ಹೆಸರು, ಊರು)

ಇವರಿಂದ,
(ತಾಯಿಯ ಹೆಸರು, ಮೊಬೈಲ್ ಸಂಖ್ಯೆ)

ವಿಷಯ: ಮಗಳ ಪ್ರವೇಶ ಪರೀಕ್ಷೆಗೆ ವಿಜಯಪುರಕ್ಕೆ ಹೋಗುವುದರಿಂದ 29-01-2024, ಸೋಮವಾರ ಒಂದು ದಿನದ ರಜೆ ಕೋರಿ.

ಮಾನ್ಯರೇ,

ನನ್ನ ಮಗಳು (ಹೆಸರು) ತಮ್ಮ ಶಾಲೆಯಲ್ಲಿ 5ನೇ ತರಗತಿ 'ಬಿ' ವಿಭಾಗದಲ್ಲಿ ಓದುತ್ತಿದ್ದಾಳೆ. ಹಾಜರಿ ಸಂಖ್ಯೆ 23. ಅವಳು ಅಖಿಲ ಭಾರತ ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದು, ಪರೀಕ್ಷಾ ಕೇಂದ್ರ ವಿಜಯಪುರದಲ್ಲಿ ಬಂದಿದೆ. ಪರೀಕ್ಷೆ 28-01-2024, ಭಾನುವಾರ ಮಧ್ಯಾಹ್ನ 2ರಿಂದ 4.30ರವರೆಗೆ ಇದೆ.

ಅವಳು 26ರ ಧ್ವಜಾರೋಹಣಕ್ಕೂ 27ರ ಶನಿವಾರದ ತರಗತಿಗೂ ಬರುತ್ತಾಳೆ. ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಹೊರಡುತ್ತೇವೆ. ಭಾನುವಾರ ಪರೀಕ್ಷೆ ಮುಗಿಯುವುದು ಸಂಜೆ ಆಗುವುದರಿಂದ ಆ ರಾತ್ರಿ ವಿಜಯಪುರದಲ್ಲೇ ಉಳಿದು, ಸೋಮವಾರ ಮಧ್ಯಾಹ್ನ ಊರಿಗೆ ಬರುತ್ತೇವೆ. ಆದ್ದರಿಂದ ಸೋಮವಾರ ಒಂದು ದಿನ ರಜೆ ಕೊಡಬೇಕೆಂದು ಕೋರುತ್ತೇನೆ. ಮಂಗಳವಾರ 30ರಂದು ಅವಳು ಶಾಲೆಗೆ ಬರುತ್ತಾಳೆ.

ಸೋಮವಾರ ಗಣಿತದ ಎಫ್‌ಎ ಪರೀಕ್ಷೆ ಇದೆ ಎಂದು ತಿಳಿಯಿತು. ಅದನ್ನು ಮಂಗಳವಾರ ಅಥವಾ ತಾವು ಹೇಳುವ ಬೇರೆ ದಿನ ಬರೆಯಲು ಅವಕಾಶ ಕೊಡಬೇಕೆಂದು ವಿನಂತಿ.

ಪ್ರಯಾಣದಲ್ಲಿ ಮತ್ತು ಪರೀಕ್ಷೆಯ ದಿನ ನಾನು ಅವಳ ಜೊತೆ ಇರುತ್ತೇನೆ. ಆ ಜವಾಬ್ದಾರಿ ನಮ್ಮದು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಪರೀಕ್ಷೆಯ ಪ್ರವೇಶ ಪತ್ರದ ನಕಲು.

"ತಪ್ಪಾಗಿದ್ದಲ್ಲಿ ಕ್ಷಮಿಸಿ" ಅನ್ನುವ ಸಾಲನ್ನು ತಾಯಿ ಕೊನೆಗೆ ಸೇರಿಸಬೇಕು ಅಂದಿದ್ದರು. ನಾನು ಬೇಡ ಅಂದೆ. ಇಲ್ಲಿ ತಪ್ಪೇನಿದೆ? ಜವಾಬ್ದಾರಿಯ ಸಾಲು ಮಾತ್ರ ನಾನೇ ಹೇಳಿ ಬರೆಸಿದ್ದು. ಮಗು ಯಾರ ಜೊತೆ ಹೋಗುತ್ತಿದೆ ಅನ್ನುವುದು ದೊಡ್ಡ ಸರ್‌ಗಳ ತಲೆಯಲ್ಲಿ ಯಾವಾಗಲೂ ಇರುತ್ತದೆ. ಕೋಚಿಂಗ್‌ನವರು ಹತ್ತು ಮಕ್ಕಳನ್ನು ಒಂದು ಕ್ರೂಸರ್‌ನಲ್ಲಿ ತುಂಬಿಕೊಂಡು ಹೋಗುವುದನ್ನು ಅವರು ನೋಡಿದ್ದಾರೆ.

ಪರೀಕ್ಷಾ ಕೇಂದ್ರದ ಬಗ್ಗೆ ಒಂದು ಮಾತು. ಸೈನಿಕ ಶಾಲೆಯ ಪರೀಕ್ಷೆ ಸೈನಿಕ ಶಾಲೆಯಲ್ಲೇ ನಡೆಯುತ್ತದೆ ಅಂತ ತಾಯಿ ಅಂದುಕೊಂಡಿದ್ದರು. ಪ್ರವೇಶ ಪತ್ರ ತೆಗೆದು ನೋಡಿದರೆ ಅದೇ ಊರಿನ ಬೇರೆ ಶಾಲೆಯ ಹೆಸರಿತ್ತು. ಅರ್ಜಿ ತುಂಬುವಾಗ ನಾವು ಕೊಡುವುದು ಊರಿನ ಆಯ್ಕೆ ಮಾತ್ರ. ಯಾವ ಕಟ್ಟಡ ಅನ್ನುವುದು ಪ್ರವೇಶ ಪತ್ರ ಬಂದಾಗಲೇ ಗೊತ್ತಾಗುವುದು. ಹಾಗಾಗಿ ಇಂಥ ಪತ್ರವನ್ನು ಡಿಸೆಂಬರಿನಲ್ಲೇ ಬರೆದು ಕೊಡುವುದರಲ್ಲಿ ಅರ್ಥ ಇಲ್ಲ. ಅರ್ಜಿ ಹಾಕಿದ ಮೇಲೆ ತರಗತಿ ಟೀಚರ್‌ಗೆ ಬಾಯಿಮಾತಿನಲ್ಲಿ ಒಂದು ಮಾತು ಹೇಳಿಡಿ. ಪ್ರವೇಶ ಪತ್ರ ಬಂದ ಮೇಲೆ ನಕಲು ಇಟ್ಟು ಪತ್ರ ಕೊಡಿ. ಬಾಯಿಮಾತು ಮೊದಲೇ ಆಗಿದ್ದರೆ ಡ್ಯಾನ್ಸ್ ಮೇಡಂ ಕೂಡ ಗಾಬರಿಯಾಗುತ್ತಿರಲಿಲ್ಲ.

ಆ ನಕಲಿನ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿದೆ. ತಾಯಿ ಪ್ರವೇಶ ಪತ್ರವನ್ನು ಝೆರಾಕ್ಸ್ ಮಾಡಿಸಿ ಹಾಗೇ ತಂದಿದ್ದರು. ಅದರಲ್ಲಿ ಮಗುವಿನ ಫೋಟೋ, ಅಪ್ಲಿಕೇಶನ್ ನಂಬರ್, ಹುಟ್ಟಿದ ದಿನಾಂಕ ಎಲ್ಲ ಇರುತ್ತದೆ. ಎನ್‌ಟಿಎ ಪರೀಕ್ಷೆಗಳ ಫಲಿತಾಂಶ ತೆಗೆಯಲು ಸಾಮಾನ್ಯವಾಗಿ ಬೇಕಾಗುವುದು ಅಪ್ಲಿಕೇಶನ್ ನಂಬರ್ ಮತ್ತು ಹುಟ್ಟಿದ ದಿನಾಂಕ ಎರಡೇ. ಆ ಹಾಳೆ ಆಫೀಸಿನ ಫೈಲಿನಲ್ಲಿ ಕೂತರೆ, ಫಲಿತಾಂಶ ಬಂದ ದಿನ ತಾಯಿಗಿಂತ ಮೊದಲು ಶಾಲೆಯ ಅರ್ಧ ಜನ ಅಂಕ ನೋಡಿರುತ್ತಾರೆ. ನಮ್ಮಲ್ಲಿ ಹೀಗೆ ಆಗಿದ್ದೂ ಇದೆ. ಹಾಗಾಗಿ ನಕಲಿನ ಮೇಲೆ ಅಪ್ಲಿಕೇಶನ್ ನಂಬರ್ ಮತ್ತು ಹುಟ್ಟಿದ ದಿನಾಂಕದ ಜಾಗಕ್ಕೆ ಬಿಳಿ ಕಾಗದದ ಚೂರು ಅಂಟಿಸಿ, ಮತ್ತೊಂದು ಝೆರಾಕ್ಸ್ ಮಾಡಿಸಿದೆವು. ಪೆನ್ನಿನಲ್ಲಿ ಗೀಚಿದರೆ ಬೆಳಕಿಗೆ ಹಿಡಿದಾಗ ಕಾಣುತ್ತದೆ. ಶಾಲೆಗೆ ಬೇಕಾದ್ದು ಹೆಸರು, ಫೋಟೋ, ದಿನ, ಸಮಯ, ಊರು. ಅಷ್ಟು ಉಳಿದಿತ್ತು. ದೊಡ್ಡ ಸರ್ ಆ ಬಿಳಿ ಪಟ್ಟಿಯನ್ನು ನೋಡಿದರು, ಏನೂ ಕೇಳಲಿಲ್ಲ.

ಪತ್ರ ಓದಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ವಿಷಯದ ಸಾಲಿನಲ್ಲೇ "ಒಂದು ದಿನ" ಅಂತ ಇತ್ತಲ್ಲ. "ಡ್ಯಾನ್ಸಿಗೆ ಬರ್ತಾಳಲ್ಲ?" ಅಂತ ಒಂದೇ ಮಾತು ಕೇಳಿದರು. ಅಂಚಿನಲ್ಲಿ ಹಸಿರು ಇಂಕಿನಲ್ಲಿ "ಮಂಜೂರು. ಎಫ್‌ಎ 30ಕ್ಕೆ" ಅಂತ ಬರೆದು ಸಹಿ ಹಾಕಿದರು. ಎಲ್ಲ ದೊಡ್ಡ ಸರ್‌ಗಳೂ ಹೀಗೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಕೆಲವರು ನಾಲ್ಕು ದಿನವನ್ನೂ ಕಣ್ಣುಮುಚ್ಚಿ ಕೊಡುತ್ತಾರೆ. ಇನ್ನು ಕೆಲವರು ಒಂದು ದಿನಕ್ಕೂ ತಂದೆಯನ್ನೇ ಕರೆಸುತ್ತಾರೆ. ನಮ್ಮವರು ನಡುವಿನವರು. ಲೆಕ್ಕ ಸರಿ ಇದ್ದರೆ ಸಹಿ ಹಾಕುತ್ತಾರೆ.

ಸಹಿ ಬಿದ್ದ ಪತ್ರದ ಒಂದು ನಕಲಿಗೆ ಆಫೀಸಿನ ಸೀಲು ಹಾಕಿಸಿ ತಾಯಿಗೆ ಕೊಟ್ಟೆ. ಇಷ್ಟಾದ ಮೇಲೂ ಎಡವಟ್ಟಾಯಿತು. ಅದು ನನ್ನದೇ ತಪ್ಪು.

ಸೋಮವಾರ ನಾನೇ ರಜೆಯಲ್ಲಿದ್ದೆ, ಹಲ್ಲುನೋವು. ನನ್ನ ತರಗತಿಯ ಹಾಜರಿ ತೆಗೆದುಕೊಂಡದ್ದು ಆರನೇ ತರಗತಿಯ ಸರ್. ಮೂಲ ಪತ್ರ ಆಫೀಸಿನ ಫೈಲಿನಲ್ಲಿತ್ತು, ಸೀಲು ಹಾಕಿದ ನಕಲು ತಾಯಿಯ ಚೀಲದಲ್ಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಏನೂ ಇರಲಿಲ್ಲ. ಅವರು ಹಾಜರಿ ಸಂಖ್ಯೆ 23ರ ಮುಂದೆ "ಗೈ" ಅಂತ ಹಾಕಿದರು. ಗೈರಾದ ಮಕ್ಕಳ ಮನೆಗೆ ಹನ್ನೊಂದು ಗಂಟೆಗೆ ಮೆಸೇಜು ಹೋಗುವ ವ್ಯವಸ್ಥೆ ನಮ್ಮಲ್ಲಿದೆ. ಅದರಲ್ಲಿ ಇದ್ದದ್ದು ತಂದೆಯ ನಂಬರು. ಬೆಂಗಳೂರಿನಲ್ಲಿ ಅವರ ಫೋನಿಗೆ "ನಿಮ್ಮ ಮಗಳು ಇಂದು ಶಾಲೆಗೆ ಬಂದಿಲ್ಲ" ಅಂತ ಬಂತು. ಅವರಿಗೆ ಪರೀಕ್ಷೆ ಭಾನುವಾರ ಅಂತ ಗೊತ್ತು. ಸೋಮವಾರ ಊರಿಗೆ ಮುಟ್ಟುವುದು ಮಧ್ಯಾಹ್ನ ಅನ್ನುವುದು ತಲೆಯಲ್ಲಿ ಇರಲಿಲ್ಲ. ಹೆಂಡತಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಸಿಗಲಿಲ್ಲ. ಬಸ್ಸು ಹುನಗುಂದದ ಆಚೆ ಎಲ್ಲೋ ಇತ್ತು. ಶಾಲೆಗೆ ಮೂರು ಸಲ, ನನಗೆ ಎರಡು ಸಲ ಫೋನ್ ಬಂತು. ಹಲ್ಲಿಗೆ ಹತ್ತಿ ಇಟ್ಟುಕೊಂಡೇ ನಾನು ಅವರಿಗೆ ಸಮಾಧಾನ ಹೇಳಿದೆ.

ಅವತ್ತಿನಿಂದ ನಾನು ಮಂಜೂರಾದ ಪ್ರತಿ ರಜಾ ಪತ್ರದ ಒಂದು ನಕಲನ್ನು ಹಾಜರಿ ಪುಸ್ತಕದ ಆ ವಾರದ ಪುಟಕ್ಕೆ ಪಿನ್ ಮಾಡುತ್ತೇನೆ. ಪತ್ರ ಕೊಡುವವರಿಗೂ ಮೂರು ಪ್ರತಿ ತನ್ನಿ ಅನ್ನುತ್ತೇನೆ: ಒಂದು ಆಫೀಸಿಗೆ, ಒಂದು ನನ್ನ ಪುಸ್ತಕಕ್ಕೆ, ಒಂದು ಸೀಲು ಹಾಕಿಸಿಕೊಂಡು ಮನೆಗೆ.

ಮಂಗಳವಾರ ಹುಡುಗಿ ಬಂದಳು. ಗಣಿತದ ಎಫ್‌ಎಗೆ ಹೊಸ ಪ್ರಶ್ನೆಪತ್ರಿಕೆ ಬರೆದು ತಂದಿದ್ದೆ. ಹಳೆಯದರ ಪ್ರಶ್ನೆಗಳು ಸೋಮವಾರ ಸಂಜೆಯೇ ಓಣಿಯಲ್ಲೆಲ್ಲ ಹರಡಿರುತ್ತವೆ. ಅವಳು ಸ್ಟಾಫ್‌ರೂಮಿನ ಮೂಲೆಯಲ್ಲಿ ಕೂತು ಬರೆದಳು, 20ಕ್ಕೆ 17. ಸೈನಿಕ ಶಾಲೆ ಪರೀಕ್ಷೆ ಹೇಗಾಯಿತು ಅಂತ ಕೇಳಿದೆ. "125 ಪ್ರಶ್ನೆ ಇದ್ವು ಟೀಚರ್. ಗಣಿತದ್ದೇ 50. ಬುದ್ಧಿಶಕ್ತಿದು ಸರಳ ಇತ್ತು. ಗೋಲ ತುಂಬಿ ತುಂಬಿ ಕೈ ನೋವಾತು" ಅಂದಳು. ಬಸ್ಸಿನಲ್ಲಿ ವಾಂತಿ ಆಯ್ತಾ ಅಂದೆ. "ಹೋಗಬೇಕಾದ್ರ ಆತು. ಬರಬೇಕಾದ್ರ ಇಲ್ಲ." ಶನಿವಾರ ಹೋದದ್ದು ಒಳ್ಳೆಯದಾಯಿತು ಅಂದುಕೊಂಡೆ.

ಪಾಸಾಗಲು ಬೇಕಾದ ಕನಿಷ್ಠ ಅಂಕ ಅವಳಿಗೆ ಬಂತು. ಆದರೆ ಸೀಟು ಸಿಗುವ ಪಟ್ಟಿಯವರೆಗೆ ಮುಟ್ಟಲಿಲ್ಲ. ಜೂನ್‌ನಲ್ಲಿ ನಮ್ಮಲ್ಲೇ ಆರನೇ ತರಗತಿಗೆ ಬಂದಳು. ದೊಡ್ಡ ಸರ್ ಅವಳನ್ನು ಪ್ರಾರ್ಥನೆಯ ಸಾಲಿನಲ್ಲಿ ನೋಡಿ "ಏನ್ ಸೋಲ್ಜರ್" ಅಂತ ಮಾತಾಡಿಸಿದರು, ಅಷ್ಟೇ. ತಾಯಿ ಹೆದರಿದ ಹಾಗೆ ಏನೂ ಆಗಲಿಲ್ಲ.

ಮರುವರ್ಷ ಇನ್ನೊಬ್ಬ ಹುಡುಗನ ತಂದೆ ಪತ್ರ ತಂದರು. 2025ರ ಪರೀಕ್ಷೆ ಜನವರಿಯಲ್ಲಿ ಇರಲಿಲ್ಲ, ಏಪ್ರಿಲ್ 5ರ ಶನಿವಾರ ಇತ್ತು. ಬೆಳಗಿನ ಶಾಲೆ ಮುಗಿಸಿ ಹೋಗಲು ಆಗುವುದಿಲ್ಲ, ಶನಿವಾರದ್ದೇ ರಜೆ ಬೇಕು. ಭಾನುವಾರ ನಿಧಾನಕ್ಕೆ ವಾಪಸ್ ಬರಬಹುದು, ಸೋಮವಾರದ ರಜೆಯೇ ಬೇಡ. ಲೆಕ್ಕ ಪೂರ್ತಿ ಬೇರೆ. ಆದರೆ ಅವರು ತಂದ ಪತ್ರ ಎಲ್ಲೋ ನೋಡಿದ ಹಾಗಿತ್ತು. ಹುಡುಗಿಯ ತಾಯಿಯಿಂದ ಫೋಟೋ ತರಿಸಿಕೊಂಡು ಇಳಿಸಿಕೊಂಡಿದ್ದರು. ದಿನಾಂಕ ಬದಲಾಗಿತ್ತು. "ನನ್ನ ಮಗಳು" ಹಾಗೇ ಇತ್ತು, ಹಾಜರಿ ಸಂಖ್ಯೆ 23 ಹಾಗೇ ಇತ್ತು. ಸೋಮವಾರದ ಗಣಿತದ ಎಫ್‌ಎ ಪರೀಕ್ಷೆಯನ್ನು ಮಂಗಳವಾರ ಬರೆಯಲು ಅವಕಾಶ ಕೊಡಬೇಕೆಂದು ವಿನಂತಿಯೂ ಇತ್ತು.

"ಇದ್ರಾಗ ಮಗಳು ಅಂತ ಐತಲ್ರಿ" ಅಂದೆ.

ಅವರು ಪತ್ರ ತಿರುಗಿಸಿ ನೋಡಿ, ಜೇಬಿನಿಂದ ಪೆನ್ನು ತೆಗೆದರು.